ಮ್ಯಾರಥಾನ್ ಓಟದಲ್ಲಿ ನೀರು ಜಾಸ್ತಿಯಾದರೆ

2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತವನ್ನು ಸಂಶೋಧಕರು ಪರೀಕ್ಷಿಸಿದರು. ನೂರಕ್ಕೆ ಹದಿಮೂರು ಜನರಲ್ಲಿ ಸೋಡಿಯಂ ಲೀಟರಿಗೆ 135 ಮಿಲಿಮೋಲ್ ಅಥವಾ ಅದಕ್ಕಿಂತ ಕಡಿಮೆ ಇತ್ತು. ಇದಕ್ಕೆ ಹೈಪೊನಟ್ರೀಮಿಯಾ ಎನ್ನುತ್ತಾರೆ. ಓಡುವಾಗ ತೂಕ ಹೆಚ್ಚಿಸಿಕೊಂಡವರಲ್ಲೇ ಇದು ಜಾಸ್ತಿ ಕಂಡಿತು. ನಲವತ್ತೆರಡು ಕಿಲೋಮೀಟರ್ ಓಡಿದ ಮೇಲೂ ತೂಕ ಏರಿದೆ ಅಂದರೆ, ಬೆವರಿದ್ದಕ್ಕಿಂತ ಹೆಚ್ಚು ಕುಡಿದಿದ್ದಾರೆ ಅಂತಲೇ ಅರ್ಥ.

ಒಂದು ಲೆಕ್ಕ ಹಾಕಿ ನೋಡೋಣ. ಅರವತ್ತು ಕಿಲೋ ತೂಕದ ಓಟಗಾರ್ತಿಯೊಬ್ಬರು ನಿಧಾನವಾಗಿ, ಐದು ಗಂಟೆ ಓಡುತ್ತಾರೆ ಅಂದುಕೊಳ್ಳಿ. ಗಂಟೆಗೊಂದು ಲೀಟರ್ ಕುಡಿಯಲೇಬೇಕು ಅಂತ ಯಾರೋ ಹೇಳಿದ್ದಾರೆ. ಐದು ಲೀಟರ್ ಒಳಗೆ ಹೋಯಿತು. ಬೆವರಿನಲ್ಲಿ ಎರಡೂವರೆ ಲೀಟರ್, ಉಸಿರು ಮತ್ತು ಮೂತ್ರದಲ್ಲಿ ಅರ್ಧ ಲೀಟರ್ ಹೊರಗೆ ಹೋಯಿತು. ಎರಡು ಲೀಟರ್ ಒಳಗೇ ಉಳಿಯಿತು. ಅವರ ಮೈಯಲ್ಲಿ ಮೊದಲೇ ಸುಮಾರು 33 ಲೀಟರ್ ನೀರಿತ್ತು. ಈಗ 35. ಇಷ್ಟಕ್ಕೇ 140 ಇದ್ದ ಸೋಡಿಯಂ 132ಕ್ಕೆ ಇಳಿಯುತ್ತದೆ. ಬೆವರಿನ ಜೊತೆ ಹೋದ ಉಪ್ಪನ್ನೂ ಸೇರಿಸಿದರೆ ಸುಮಾರು 129.

ಹೆಚ್ಚಾದ ನೀರನ್ನು ಮೂತ್ರಪಿಂಡ ಹೊರಹಾಕಬೇಕಿತ್ತು, ಅಲ್ವಾ? ಸುಮ್ನೆ ಕೂತಿದ್ದಾಗ ಅದು ಗಂಟೆಗೆ ಮುಕ್ಕಾಲು ಲೀಟರಿಗೂ ಹೆಚ್ಚು ಹೊರಹಾಕಬಲ್ಲದು. ಆದರೆ ಗಂಟೆಗಟ್ಟಲೆ ಓಡುವಾಗ ಆಯಾಸ, ನೋವು, ವಾಕರಿಕೆಗಳಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಇಳಿಯದೆ ಉಳಿಯಬಹುದು. ನೀರನ್ನು ಹಿಡಿದಿಡು ಎಂದು ಅದು ಮೂತ್ರಪಿಂಡಕ್ಕೆ ಹೇಳುತ್ತಲೇ ಇರುತ್ತದೆ. ಸ್ಪೋರ್ಟ್ಸ್ ಡ್ರಿಂಕ್ ಕುಡಿದರೂ ಇದು ತಪ್ಪುವುದಿಲ್ಲ. ಅದರಲ್ಲಿರುವ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ.

ರಕ್ತ ತೆಳುವಾದಾಗ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ. ಮಿದುಳು ಊದಿಕೊಂಡರೆ ಹಿಗ್ಗಲು ತಲೆಬುರುಡೆಯೊಳಗೆ ಜಾಗವಿಲ್ಲ. ಮೊದಲು ಹೊಟ್ಟೆ ಉಬ್ಬರ, ವಾಂತಿ, ತಲೆನೋವು. ಬೆರಳಿನ ಉಂಗುರ ಬಿಗಿಯಾಗಬಹುದು. ಆಮೇಲೆ ಗೊಂದಲದ ಮಾತು, ಫಿಟ್ಸ್, ಕೆಲವೊಮ್ಮೆ ಸಾವು. ನೀರು ಸಾಲದೆ ಸುಸ್ತಾದವರೂ ಹೀಗೇ ಕಾಣುತ್ತಾರೆ. ಅದಕ್ಕೇ ನೆರವಿಗೆ ಬಂದವರು ಇನ್ನಷ್ಟು ನೀರು ಕುಡಿಸಿಬಿಡುವ ಅಪಾಯವಿದೆ. ಇಲ್ಲಿ ಬೇಕಾಗಿರುವುದು ಶೇಕಡಾ 3ರ ಗಟ್ಟಿ ಉಪ್ಪುನೀರಿನ ಡ್ರಿಪ್. ಸಾಧ್ಯವಿದ್ದಲ್ಲಿ ರಕ್ತದ ಸೋಡಿಯಂ ನೋಡಿಕೊಂಡು ವೈದ್ಯರು ಅದನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ.

ಬಾಯಾರಿದಾಗ ಕುಡಿಯಿರಿ ಎಂದು 2015ರಲ್ಲಿ ತಜ್ಞರ ಒಂದು ಅಂತರರಾಷ್ಟ್ರೀಯ ಸಭೆ ಸಲಹೆ ಕೊಟ್ಟಿದ್ದು ಇದಕ್ಕೇ. ರಕ್ತ ಶೇಕಡಾ ಒಂದೆರಡರಷ್ಟು ಗಟ್ಟಿಯಾದರೂ ಮಿದುಳು ಗುರುತಿಸಿ ಬಾಯಾರಿಕೆ ಹುಟ್ಟಿಸುತ್ತದೆ. ನಿಮ್ಮ ಬೆವರು, ವೇಗ, ಆ ದಿನದ ಬಿಸಿಲು ಎಲ್ಲದರ ಪರಿಣಾಮವೂ ಅದರಲ್ಲಿ ಸೇರಿರುತ್ತದೆ. ಎಲ್ಲರಿಗೂ ಒಂದೇ ವೇಳಾಪಟ್ಟಿ ಮಾಡಿದರೆ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಬಾಯಾರಿದಾಗ ಮಾತ್ರ ಕುಡಿದರೆ ಒಂದೆರಡು ಕಿಲೋ ತೂಕ ಇಳಿಯಬಹುದು. ನನ್ನ ಪ್ರಕಾರ ಅದಕ್ಕೆ ಹೆದರಬೇಕಿಲ್ಲ. ಆದರೆ ಬಿಸಿಲಲ್ಲಿ ವೇಗವಾಗಿ ಓಡುತ್ತಾ ತುಂಬಾ ಬೆವರುವವರಿಗೆ ಬಾಯಾರಿಕೆಯೊಂದೇ ಸಾಲದೆ ಹೋಗಬಹುದು. ಅಂಥವರು ಅಭ್ಯಾಸದ ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿಕೊಂಡು ತಮ್ಮ ಬೆವರಿನ ಅಂದಾಜು ತಿಳಿದಿಟ್ಟುಕೊಳ್ಳಬೇಕು. ಕುಡಿಯುವುದು ಆ ಅಂದಾಜನ್ನು ಮೀರಬಾರದು.