ನೋಟ್ಸ್ ಕೇಳಿದ್ದಕ್ಕೆ ಎಷ್ಟು ತೂಕ?

ಜುಲೈ ಮಳೆಗೆ ತೀರ್ಥಹಳ್ಳಿ ಕಡೆಯ ಬಸ್ಸು ತಡವಾಯಿತೆಂದರೆ ಶಿವಮೊಗ್ಗದ ಕಾಲೇಜಿನಲ್ಲಿ ಮೊದಲ ಪೀರಿಯಡ್ ಹೋದಂತೆಯೇ. ಅಂಥ ದಿನ ಸಹಪಾಠಿ ಹುಡುಗಿ "ಫಸ್ಟ್ ಅವರ್ ನೋಟ್ಸ್ ಕೊಡೋ" ಅನ್ನುತ್ತಾಳೆ. ವಾರಕ್ಕೆರಡು ಸಲ ಹೀಗಾದರೆ ಕೊಡುವ ಹುಡುಗನ ತಲೆಯಲ್ಲಿ, ಅವಳಿಗೆ ನಾನು ಇಷ್ಟವೇನೋ ಎಂಬ ಲೆಕ್ಕ ಶುರು.

ಲೆಕ್ಕವನ್ನು ಸರಿಯಾಗಿಯೇ ಹಾಕೋಣ. ಇಷ್ಟವಿದ್ದರೆ ನೋಟ್ಸ್ ಕೇಳುವ ಸಾಧ್ಯತೆ ಹತ್ತಕ್ಕೆ 8 ಎಂದಿಟ್ಟುಕೊಳ್ಳಿ. ಇಷ್ಟವಿಲ್ಲದೆ ಬರೀ ಕ್ಲಾಸ್ ತಪ್ಪಿದ್ದರೂ ಅದು 7 ಇರುತ್ತದೆ, ಏಕೆಂದರೆ ನೋಟ್ಸ್ ಬೇಕೇ ಬೇಕು. ಎರಡೂ ಹೆಚ್ಚುಕಡಿಮೆ ಸಮ. ಹಾಗಾಗಿ ಅವಳು ಎರಡು ಸಲ ಕೇಳಿದರೂ, ಪ್ರತಿ ಸಲಕ್ಕೂ ಬಸ್ಸೋ ಇಂಟರ್ನಲ್ಸೋ ಕಾರಣವಾಗಿದ್ದರೆ, ನಮಗೆ ಹೊಸದಾಗಿ ತಿಳಿದದ್ದು ಬಹಳ ಕಡಿಮೆ. ಅಗತ್ಯವೇ ಇಲ್ಲದ ದಿನ ಬಂದು ಮಾತಾಡುವುದು ಬೇರೆ. ಇಷ್ಟವಿದ್ದರೆ ಹತ್ತಕ್ಕೆ 6, ಇಲ್ಲದಿದ್ದರೆ 2 ಅನ್ನೋಣ: ಮೂರು ಪಟ್ಟು ವ್ಯತ್ಯಾಸ. ಆದರೂ ಅವಳಿಗೆ ಇಷ್ಟವಿದೆ ಎಂಬ ನಿಮ್ಮ ಅಂದಾಜು ಮೊದಲಿಗೆ ಹತ್ತರಲ್ಲಿ ಒಂದು ಇದ್ದದ್ದಾದರೆ, ಈ ಗುರುತಿನಿಂದ ಅದು ನಾಲ್ಕರಲ್ಲಿ ಒಂದಕ್ಕೆ ಏರುತ್ತದೆ, ಅಷ್ಟೇ.

ಇನ್ನೊಂದು ಎಡವಟ್ಟು ಕೊಡುವವನ ಮನಸ್ಸಿನಲ್ಲೇ ಇದೆ. 1969ರಲ್ಲಿ ಜೆಕರ್ ಮತ್ತು ಲ್ಯಾಂಡಿ ಎಂಬ ಸಂಶೋಧಕರು ಪ್ರಕಟಿಸಿದ ಮನಶ್ಶಾಸ್ತ್ರದ ಪ್ರಯೋಗದಲ್ಲಿ ಹಣ ಗೆದ್ದ ಕೆಲವರನ್ನು, ಅದು ತನ್ನ ಸ್ವಂತ ಹಣ, ವಾಪಸ್ ಕೊಡುತ್ತೀರಾ ಎಂದು ಸಂಶೋಧಕ ಖುದ್ದಾಗಿ ಕೇಳಿದ. ಹಾಗೆ ಕೊಟ್ಟವರಿಗೆ, ಯಾರೂ ಕೇಳದೆ ಹಣ ಇಟ್ಟುಕೊಂಡವರಿಗಿಂತ, ಆತ ಹೆಚ್ಚು ಹಿಡಿಸಿದ. ಉಪಕಾರ ಮಾಡಿದವನು "ಇಷ್ಟವಿದ್ದದ್ದಕ್ಕೇ ಮಾಡಿದೆ" ಎಂದು ತನಗೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಾನೆ ಎಂಬುದು ಇದಕ್ಕೆ ಕೊಡುವ ವಿವರಣೆ. ರಾತ್ರಿ ಕೂತು ಅವಳಿಗಾಗಿ ನೀಟಾಗಿ ಕಾಪಿ ಮಾಡಿದಷ್ಟೂ ಬೆಳೆಯುವುದು ನಿಮ್ಮ ಒಲವು, ಅವಳದ್ದೇ ಆಗಬೇಕಿಲ್ಲ.

ಹಾಗಾದರೆ ಅಗತ್ಯವನ್ನೇ ತೆಗೆದು ನೋಡಬಹುದು. ಎರಡು ವಾರ ನೋಟ್ಸಿನ ಫೋಟೋಗಳನ್ನು ಅದೇ ಸಂಜೆ ಕ್ಲಾಸಿನ ವಾಟ್ಸಾಪ್ ಗುಂಪಿಗೇ ಹಾಕಿ. ಇಂಟರ್ನಲ್ಸ್ ಇಲ್ಲದ ಎರಡು ವಾರವೇ ಆಗಬೇಕು, ಇಲ್ಲವಾದರೆ ಡೌಟ್ ಕೇಳುವ ನೆಪ ಉಳಿದೇ ಇರುತ್ತದೆ. ಆಮೇಲೂ ಅವಳು ಬಂದು ಊರಿನ ವಿಷಯ ಹೇಳಿದರೆ, ನೀವು ಹಿಂದಿನ ವಾರ ಹೇಳಿದ್ದನ್ನು ನೆನಪಿಟ್ಟು ಕೇಳಿದರೆ, ಅದಕ್ಕೆ ತೂಕವಿದೆ. ಎಲ್ಲರ ಜೊತೆಗೂ ಹಾಗೇ ಇದ್ದಾಳಾ ಎಂದೂ ನೋಡಿಕೊಳ್ಳಿ, ಕೆಲವರ ಸ್ವಭಾವವೇ ಅದು. ಮಾತು ನಿಂತುಹೋದರೂ ಪೂರ್ತಿ ತೀರ್ಮಾನಿಸುವಂತಿಲ್ಲ. ಸಂಕೋಚದವರಿಗೆ ನೋಟ್ಸೇ ಒಂದು ನೆಪವಾಗಿತ್ತೇನೋ.

ಗಮನಿಸುವುದರಿಂದ ಇದಕ್ಕಿಂತ ಹೆಚ್ಚು ಗೊತ್ತಾಗುವುದಿಲ್ಲ. "ಶನಿವಾರ ಕ್ಲಾಸ್ ಮುಗಿದ ಮೇಲೆ ಕಾಫಿಗೆ ಹೋಗೋಣ್ವಾ?" ಎಂದು ಒಮ್ಮೆ, ಬೇರೆಯವರು ಇಲ್ಲದಾಗ ಕೇಳಿ. "ಶನಿವಾರ ಆಗಲ್ಲ, ಸೋಮವಾರ?" ಎಂದರೆ ಒಂದು ಅರ್ಥ. ಬೇರೆ ದಿನ ಹೇಳದೆ ಬರೀ "ಆಗಲ್ಲ" ಎಂದರೆ ಅದನ್ನು ಬೇಡ ಎಂದೇ ತಿಳಿದು ಮತ್ತೆ ಕೇಳಬೇಡಿ. ಸೋಮವಾರ ಬಸ್ಸು ತಪ್ಪಿ ಅವಳು ನೋಟ್ಸ್ ಕೇಳಿದರೆ, ಕೊಡಿ.