ಮಂಡಳಿಗೆ ಒಂದು ಪತ್ರ: ಫೌಂಡ್ರಿ ಮಾಲೀಕರು ಕೇಳುವ ಕಾಲಾವಕಾಶದ ಹಿನ್ನೆಲೆ

“ಧೂಳು ಸಂಗ್ರಾಹಕ ಅಳವಡಿಸಲು ದಯವಿಟ್ಟು ಆರು ತಿಂಗಳ ಕಾಲಾವಕಾಶ ನೀಡಬೇಕು.” ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಸಣ್ಣ ಫೌಂಡ್ರಿ ಮಾಲೀಕರೊಬ್ಬರು ಬರೆಯುವ ಪತ್ರದ ತಿರುಳು ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಈ ಒಂದು ಸಾಲಿನ ಹಿಂದೆ ನಾಲ್ಕು ದಶಕಗಳ ಕಾನೂನಿನ ಕಥೆಯಿದೆ.

ವಾಯು ಮಾಲಿನ್ಯ ತಡೆ ಕಾಯ್ದೆ ಬಂದದ್ದು 1981ರಲ್ಲಿ. ಮಂಡಳಿಯ ಸಮ್ಮತಿ ಪತ್ರವಿಲ್ಲದೆ ಘಟಕ ನಡೆಸುವಂತಿಲ್ಲ ಎಂದು ಅದು ಹೇಳಿತು. ನಿಜವಾದ ಹಲ್ಲು ಬಂದದ್ದು 1987ರ ತಿದ್ದುಪಡಿಯಿಂದ. 31ಎ ಕಲಮಿನ ಪ್ರಕಾರ ಮಂಡಳಿಯು ಘಟಕವನ್ನು ಮುಚ್ಚಿಸಬಹುದು, ವಿದ್ಯುತ್ ಮತ್ತು ನೀರಿನ ಸಂಪರ್ಕವನ್ನು ಕಡಿಸಬಹುದು. ಕಾರಣ ಕೇಳುವ ನೋಟಿಸ್ ಕೈಗೆ ಬಂದ ದಿನವೇ ಮಾಲೀಕರು ಪತ್ರ ಬರೆಯಲು ಕೂರುವುದು ಈ ಕಲಮಿನ ಭಯದಿಂದ.

ಫೌಂಡ್ರಿಗೆಂದೇ ನಿಗದಿಯಾದ ಮಿತಿಯಲ್ಲಿ ಚಿಕ್ಕವರಿಗೆ ರಿಯಾಯಿತಿ ಇದೆ. ಗಂಟೆಗೆ ಮೂರು ಟನ್ ಅಥವಾ ಹೆಚ್ಚು ಕಬ್ಬಿಣ ಕರಗಿಸುವ ಕುಪೋಲಾ ಕುಲುಮೆಯ ಹೊಗೆಯಲ್ಲಿ ಘನ ಮೀಟರಿಗೆ ಗರಿಷ್ಠ 150 ಮಿಲಿಗ್ರಾಂ ಕಣಗಳಷ್ಟೇ ಇರಬಹುದು. ಅದಕ್ಕಿಂತ ಚಿಕ್ಕ ಕುಲುಮೆಗೆ 450. ಈ ಸಡಿಲ ಮಿತಿಯನ್ನೂ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಉರಿಸುವ ಹಳೆಯ ಕುಪೋಲಾಗಳು ದಾಟುತ್ತಿದ್ದವು. 1996ರ ಡಿಸೆಂಬರ್ 30ರಂದು ತಾಜ್ ಮಹಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 292 ಕೈಗಾರಿಕೆಗಳಿಗೆ ನೈಸರ್ಗಿಕ ಅನಿಲವನ್ನೇ ಬಳಸಿ, ಇಲ್ಲವೇ ತಾಜ್ ಸುತ್ತಲಿನ ಪ್ರದೇಶದಿಂದ ಹೊರಹೋಗಿ ಎಂದಿತು. ಆಗ್ರಾದ ಫೌಂಡ್ರಿಗಳು ಆ ಬಿಸಿಯನ್ನು ನೇರವಾಗಿ ಅನುಭವಿಸಿದವು. ಇನ್ನೊಂದು ದಾರಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. ಇಂಧನ ಸಂಶೋಧನೆ ನಡೆಸುವ ಟೆರಿ ಸಂಸ್ಥೆ 1998ರ ಸುಮಾರಿಗೆ ಅಲ್ಲಿ ಎರಡು ಹಂತದಲ್ಲಿ ಗಾಳಿ ಊದುವ ಕುಪೋಲಾವನ್ನೂ ಹೊಗೆ ತೊಳೆಯುವ ವೆಂಚುರಿ ಸ್ಕ್ರಬ್ಬರನ್ನೂ ಒಟ್ಟಿಗೆ ತೋರಿಸಿತು. ಅಲ್ಲಿ ಕೋಕ್ ಉಳಿತಾಯವೂ ಆಯಿತು, ಕಣಗಳೂ ಮಿತಿಗಿಂತ ಬಹಳ ಕೆಳಗಿಳಿದವು. ಕುಲುಮೆ ಚೆನ್ನಾಗಿ ಉರಿದರೆ ಧೂಳು ಹಿಡಿಯುವ ಕೆಲಸವೇ ಹಗುರಾಗುತ್ತದೆ ಎಂಬುದನ್ನು ಆ ಪ್ರಯೋಗ ತೋರಿಸಿಕೊಟ್ಟಿತು.

ಈಗ ಬೆಳಗಾವಿಗೆ ಬರೋಣ. ಅಲ್ಲಿನ ಉದ್ಯಮಬಾಗದಂಥ ಪ್ರದೇಶದಲ್ಲಿ, ಪಂಪಿನ ಬಿಡಿಭಾಗ ಎರಕ ಹೊಯ್ಯುವ ಒಂದು ಚಿಕ್ಕ ಫೌಂಡ್ರಿ ಇದೆ ಎಂದುಕೊಳ್ಳಿ. ಧೂಳು ಎರಡು ಕಡೆ ಏಳುತ್ತದೆ: ಕುಲುಮೆಯ ಚಿಮಣಿಯಲ್ಲಿ, ಮತ್ತು ಅಚ್ಚು ಒಡೆದು ಎರಕವನ್ನು ಹೊರತೆಗೆಯುವ ನಾಕ್‌ಔಟ್ ಜಾಗದಲ್ಲಿ. ಚಿಮಣಿಯ ಹೊಗೆ ಊರಿಗೆ ಕಾಣುತ್ತದೆ. ನಾಕ್‌ಔಟ್‌ನ ಧೂಳು ಅದೇ ಕೆಲಸದವರ ಎದೆಗೆ ಇಳಿಯುತ್ತದೆ. ಸುಟ್ಟ ಮರಳಿನ ಸಿಲಿಕಾ ಪುಡಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುತ್ತದೆ, ಅದಕ್ಕೆ ಮದ್ದಿಲ್ಲ. ಪತ್ರದಲ್ಲಿ ಚಿಮಣಿಯನ್ನಷ್ಟೇ ಹೆಸರಿಸುವ ಮಾಲೀಕರ ಮೇಲೆ ನನಗೆ ಅಸಮಾಧಾನವಿರುವುದು ಈ ಕಾರಣಕ್ಕೆ.

ನಾಕ್‌ಔಟ್‌ಗೆ ಬಟ್ಟೆಯ ಚೀಲಗಳಲ್ಲಿ ಧೂಳು ಸೋಸುವ ಬ್ಯಾಗ್ ಫಿಲ್ಟರ್ ಬೇಕು. ಧೂಳನ್ನು ಎಳೆದುಕೊಳ್ಳುವ ಹುಡ್‌ನಿಂದ ಗಂಟೆಗೆ 10,000 ಘನ ಮೀಟರ್ ಗಾಳಿ ಎಳೆಯಬೇಕು ಎಂದಿಟ್ಟುಕೊಳ್ಳೋಣ. ಅಂದರೆ ನಿಮಿಷಕ್ಕೆ ಸುಮಾರು 167 ಘನ ಮೀಟರ್. ಬಟ್ಟೆಯ ಮೂಲಕ ಗಾಳಿ ನಿಮಿಷಕ್ಕೆ 1.2 ಮೀಟರ್ ವೇಗದಲ್ಲಿ ಹಾಯಬೇಕಾದರೆ 139 ಚದರ ಮೀಟರ್ ಬಟ್ಟೆ ಬೇಕು. 15 ಸೆಂ.ಮೀ. ವ್ಯಾಸ, 3 ಮೀಟರ್ ಉದ್ದದ ಒಂದು ಚೀಲ 1.41 ಚದರ ಮೀಟರ್ ಕೊಡುತ್ತದೆ. ಹಾಗಾಗಿ ಸುಮಾರು ನೂರು ಚೀಲ. ಹಣ ಉಳಿಸಲು ಅರವತ್ತು ಚೀಲ ಹಾಕಿದರೆ ವೇಗ ಏರಿ, ಪುಡಿ ಬಟ್ಟೆಯೊಳಗೆ ಹೂತು, ಕೆಲವೇ ತಿಂಗಳಲ್ಲಿ ಹುಡ್‌ನ ಸೆಳೆತ ಕುಗ್ಗುತ್ತದೆ. ಚೀಲದ ಎರಡೂ ಬದಿಯ ಒತ್ತಡದ ವ್ಯತ್ಯಾಸವನ್ನು ತೋರಿಸುವ ಮೀಟರ್ 100–150 ಮಿ.ಮೀ. ನೀರಿನ ಮಟ್ಟದ ಬಳಿ ನಿಲ್ಲದೆ ಏರುತ್ತಲೇ ಹೋದರೆ ಚೀಲ ಕಟ್ಟಿಕೊಂಡಿದೆ ಎಂದರ್ಥ. ತೇವವಿರುವ ಮರಳಿನ ಆವಿ ತಾಗಿದರೆ ಅದು ಇನ್ನೂ ಬೇಗ.

ಇದೇ ಚೀಲಗಳನ್ನು ಕುಪೋಲಾಗೆ ನೇರವಾಗಿ ಜೋಡಿಸುವಂತಿಲ್ಲ. ಚೀಲದ ಪಾಲಿಯೆಸ್ಟರ್ ಬಟ್ಟೆ ಸುಮಾರು 130 ಡಿಗ್ರಿಯಷ್ಟೇ ತಡೆಯುತ್ತದೆ, ಕುಲುಮೆಯ ಅನಿಲ ಅದಕ್ಕಿಂತ ಬಹಳ ಬಿಸಿ, ಜೊತೆಗೆ ಕಿಡಿ. ಹೊಗೆಯನ್ನು ಸುತ್ತಿಸಿ ಕಣ ಬೀಳಿಸುವ ಸೈಕ್ಲೋನ್ ಒಂದನ್ನೇ ಹಾಕಿದರೆ ದಪ್ಪ ಕಣ ಬೀಳುತ್ತವೆ, ನವಿರು ಹೊಗೆ ಹಾಗೇ ಹೋಗುತ್ತದೆ. ವೆಂಚುರಿ ಸ್ಕ್ರಬ್ಬರ್ ಆದರೆ ಕೋಕಿನ ಗಂಧಕದಿಂದ ನೀರು ಆಮ್ಲೀಯವಾಗಿ ಕಬ್ಬಿಣವನ್ನು ತಿನ್ನುತ್ತದೆ. ಸುಣ್ಣ ಬೆರೆಸಬೇಕು, ಕೆಸರನ್ನು ವಿಲೇವಾರಿ ಮಾಡಬೇಕು.

ಆದ್ದರಿಂದ ಕಾಲಾವಕಾಶ ಕೇಳುವುದು ನೆಪವೇ ಆಗಬೇಕಿಲ್ಲ. ಗಾಳಿಯ ಅಳತೆ, ವಿನ್ಯಾಸ, ತಯಾರಿಕೆ, ಜೋಡಣೆ, ಕೊನೆಗೆ ಚಿಮಣಿ ಪರೀಕ್ಷೆ, ಇವು ಒಂದಾದ ಮೇಲೊಂದು ನಡೆಯುವ ಕೆಲಸಗಳು. ಆದರೆ “ಆರು ತಿಂಗಳು” ಎಂಬ ಬರಿ ಮಾತನ್ನು ಅಧಿಕಾರಿ ನಂಬುವುದು ಕಷ್ಟ. ಖರೀದಿ ಆದೇಶದ ಪ್ರತಿ, ಮುಂಗಡ ಕೊಟ್ಟ ರಸೀದಿ, ಪ್ರತಿ ಹಂತದ ತಾರೀಖು, ಅಲ್ಲಿಯವರೆಗೆ ದಿನಕ್ಕೆ ಎಷ್ಟು ಕರಗಿಸುತ್ತೇವೆ ಎಂಬ ಮಿತಿ, ನಾಕ್‌ಔಟ್ ಕೆಲಸದವರಿಗೆ ಕೊಟ್ಟ ಮುಖವಾಡಗಳ ವಿವರ ಇವೆಲ್ಲ ಪತ್ರದೊಂದಿಗೆ ಇರಬೇಕು. ಅಳವಡಿಸಿದ ಮೇಲೆ ಮಾನ್ಯತೆ ಪಡೆದ ಪ್ರಯೋಗಾಲಯದಿಂದ, ಕುಲುಮೆ ಪೂರ್ಣ ಕರಗಿಸುತ್ತಿರುವಾಗಲೇ ಚಿಮಣಿ ಪರೀಕ್ಷೆ ಮಾಡಿಸಿ, ವರದಿಯನ್ನು ಮಂಡಳಿಗೆ ಕೊಡುವ ದಿನವನ್ನೂ ಅದೇ ಪತ್ರದಲ್ಲಿ ಬರೆದಿರಬೇಕು.