ಒಂದು ಡಬ್ಬಿಗೆ ಎರಡೂಕಾಲು ರೂಪಾಯಿ

ಅಂಗಡಿ ಸ್ಟಾಕ್ ಲೆಕ್ಕ ನೋಡಲು ಹೋದಾಗ ಹೆಚ್ಚಾಗಿ ಕೇಳಿಬರುವ ದೂರು ಇದು: "ನಮಗೆ ಬೇಕಾದಷ್ಟು ಎಲ್ಲಿ ಕೊಡ್ತಾರೆ ಸಾರ್? ಬಾಕ್ಸ್ ಒಡೆಯೋದಿಲ್ಲ ಅಂತಾರೆ." ಆದರೆ ನಷ್ಟ ಬಹಳ ಸಲ ಬಾಕ್ಸ್‌ನಿಂದ ಆಗುವುದಿಲ್ಲ.

ರಾಗಿ ಮಾಲ್ಟ್ ಡಬ್ಬಿಯನ್ನೇ ತೆಗೆದುಕೊಳ್ಳೋಣ. ಖರೀದಿ ಬೆಲೆ ₹100, ವರ್ಷಕ್ಕೆ 600 ಡಬ್ಬಿ ಮಾರಾಟ. ಒಂದು ಸಲ ತರಿಸಲು ಆಟೋ ಬಾಡಿಗೆ, ಇಳಿಸುವ ಕೂಲಿ ಸೇರಿ ₹60. ಒಂದು ಡಬ್ಬಿಯನ್ನು ವರ್ಷವಿಡೀ ಇಟ್ಟುಕೊಂಡರೆ ಬಡ್ಡಿ, ಜಾಗ, ಹಾಳಾಗುವುದು ಎಲ್ಲ ಸೇರಿ ₹20. ಇವನ್ನು √(2DS/H) ಸೂತ್ರಕ್ಕೆ ಹಾಕಿದರೆ ಒಂದು ಸಲಕ್ಕೆ 60 ಡಬ್ಬಿ ತರಿಸಬೇಕು ಎಂದು ಬರುತ್ತದೆ; ಇಲ್ಲಿ D ವರ್ಷದ ಮಾರಾಟ, S ಒಂದು ಸಲ ತರಿಸುವ ಖರ್ಚು, H ಒಂದು ಡಬ್ಬಿಯನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು. ಆಗ ತರಿಸುವ ಖರ್ಚು ₹600; ತಂದದ್ದರಲ್ಲಿ ಸರಾಸರಿ ಅರ್ಧ, ಅಂದರೆ 30 ಡಬ್ಬಿ, ಅಂಗಡಿಯಲ್ಲಿರುವುದರಿಂದ ಇಟ್ಟುಕೊಳ್ಳುವ ಖರ್ಚು ₹600; ವರ್ಷಕ್ಕೆ ಒಟ್ಟು ₹1,200.

ಬಾಕ್ಸ್‌ನಲ್ಲಿ ಇರುವುದು 48. ಒಂದೇ ಬಾಕ್ಸ್ ತರಿಸಿದರೆ ಖರ್ಚು ₹1,230. ಬರೀ ₹30 ಜಾಸ್ತಿ, ಅಷ್ಟೇ. ಎರಡು ಬಾಕ್ಸ್ ತರಿಸಿದರೂ ₹1,335. ಸರಿಯಾದ ಸಂಖ್ಯೆಯ ಹತ್ತಿರ ಖರ್ಚು ಅಷ್ಟೇನೂ ಏರುವುದಿಲ್ಲ. ಹಾಗಾಗಿ ಬಾಕ್ಸ್ ಬಗ್ಗೆ ಜಗಳ ಮಾಡಬೇಡಿ.

ಈಗ ಡಿಸ್ಟ್ರಿಬ್ಯೂಟರ್ "ಕನಿಷ್ಠ ಐದು ಬಾಕ್ಸ್" ಅಂದರು ಅನ್ನಿ. ಅಂದರೆ 240 ಡಬ್ಬಿ. ತರಿಸುವ ಖರ್ಚು ₹150ಕ್ಕೆ ಇಳಿಯುತ್ತದೆ, ಇಟ್ಟುಕೊಳ್ಳುವ ಖರ್ಚು ₹2,400ಕ್ಕೆ ಏರುತ್ತದೆ. ಒಟ್ಟು ₹2,550. ಬಿಲ್‌ನಲ್ಲಿ ಇದು ಎಲ್ಲೂ ಕಾಣುವುದಿಲ್ಲ, ಅಲ್ವಾ? ಅದಕ್ಕೇ ಸುಮ್ನೆ ಒಪ್ಪಿಕೊಂಡುಬಿಡುತ್ತೇವೆ.

ಸೂತ್ರಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಎಕ್ಸ್‌ಪೈರಿ. ವಾರಕ್ಕೆ ಸುಮಾರು 12 ಹೋದರೆ 240 ಡಬ್ಬಿ ಖಾಲಿಯಾಗಲು 20 ವಾರ ಬೇಕು. ತಯಾರಾದ ದಿನದಿಂದ ಆರು ತಿಂಗಳ ಅವಧಿ ಇರುವ ಮಾಲು ಒಂದು ತಿಂಗಳು ಹಳೆಯದಾಗಿ ಬಂದರೆ, ನಿಮಗೆ ಉಳಿಯುವುದು ಐದೇ ತಿಂಗಳು. ಕೊನೆಯ ಬಾಕ್ಸ್ ತಾರೀಖಿನ ಅಂಚಿಗೆ ಬಂದು ನಿಲ್ಲುತ್ತದೆ. ಮಾರಾಟ ಒಂದಿಷ್ಟು ಇಳಿದರೂ ಅದು ವಾಪಸ್ ಮಾಲೇ. ಆದ್ದರಿಂದ ಆರ್ಡರ್ ಸಂಖ್ಯೆಯನ್ನು ವಾರದ ಮಾರಾಟದಿಂದ ಭಾಗಿಸಿ, ಎಷ್ಟು ವಾರದ ಮಾಲು ಎಂದು ಮೊದಲು ನೋಡಿ.

ಮಾತುಕತೆಗೆ ಕೂರುವಾಗ ಕೈಯಲ್ಲಿರಬೇಕಾದ ಅಂಕಿ ಒಂದೇ. ₹2,550ರಲ್ಲಿ ₹1,200 ಕಳೆದರೆ ₹1,350. ಅದನ್ನು 600 ಡಬ್ಬಿಗೆ ಹಂಚಿದರೆ ತಲಾ ₹2.25. ಹೋಲ್‌ಸೇಲ್ ಅಂಗಡಿಯವರು ಡಬ್ಬಿಗೆ ₹2 ಜಾಸ್ತಿ ಹಾಕಿ ಲೂಸ್ ಕೊಟ್ಟರೆ ಅಲ್ಲೇ ತೆಗೆದುಕೊಳ್ಳಿ. ₹3 ಜಾಸ್ತಿ ಕೇಳಿದರೆ, ಎಕ್ಸ್‌ಪೈರಿ ಭಯ ಇಲ್ಲದಿದ್ದರೆ, ಐದು ಬಾಕ್ಸೇ ವಾಸಿ. ಅದಕ್ಕೂ ಮೊದಲು ಡಿಸ್ಟ್ರಿಬ್ಯೂಟರನ್ನು ಒಂದು ಮಾತು ಕೇಳಿ: ಐದು ಬಾಕ್ಸ್ ಅಂದರೆ ಒಂದೇ ಮಾಲಿನದೋ, ಇಡೀ ಬಿಲ್ಲಿನದೋ? ಬಿಲ್ಲಿನದಾದರೆ ಮಾಲ್ಟ್ ಒಂದು ಬಾಕ್ಸ್ ಇರಲಿ, ಉಳಿದ ನಾಲ್ಕು ಬೇಗ ಹೋಗುವ ಮಾಲಾಗಲಿ.